ಫೀ ಕಂತಿನ ಪತ್ರದಾಗ ಕಷ್ಟ ಕಮ್ಮಿ ಇರ್ಲಿ, ತಾರೀಕು ಸರಿ ಇರ್ಲಿ

ಜೂನ್ ಬಂತಂದ್ರ ನಮ್ಮ ಕಾರಟಗಿ, ಗಂಗಾವತಿ ಕಡೆ ಝೆರಾಕ್ಸ್ ಅಂಗಡಿಗೆ ಎರಡೇ ಥರದ ಜನ ನೋಡ್ರಿ, ಪಹಣಿ ತೆಗೆಸೋರು ಒಂದು, ಸಾಲಿ ಫೀ ಕಂತು ಕೇಳಿ ಪತ್ರ ಟೈಪ್ ಮಾಡಿಸೋರು ಇನ್ನೊಂದು. ನಾನು ಡಿಟಿಪಿ ಅಂಗಡಿ ಇಟ್ಕೊಂಡೋನು, ಇಂಥ ಪತ್ರ ಟೈಪ್ ಮಾಡಿ ಮಾಡಿ ನನಗ ಒಂದು ಮಾತು ಹೇಳಬೇಕು ಅನ್ನಿಸೇತಿ. ಬಹಳ ಮಂದಿ ಪತ್ರದ ತುಂಬ ಕಷ್ಟನೇ ಬರೆಸ್ತಾರ, ಮಳಿ ಇಲ್ಲ, ಸಾಲ ಐತಿ, ತಾಯಿಗೆ ಆರಾಮಿಲ್ಲ, ಕಡೀಗೆ "ದಯಮಾಡಿ ಕಂತಿನಲ್ಲಿ ಕಟ್ಟಲು ಅವಕಾಶ ಕೊಡಬೇಕು" ಅಂತ ಒಂದು ಸಾಲು. ಎಷ್ಟು ಕಂತು, ಯಾವತ್ತು, ಎಷ್ಟೆಷ್ಟು, ಏನೂ ಇರಂಗಿಲ್ಲ. ಅದನ್ನ ಓದಿ ಹೆಡ್‌ಮಾಸ್ಟರ್ ಏನು ಮಾಡಬೇಕು ಹೇಳ್ರಿ? ಖಾಸಗಿ ಸಾಲಿಯೊಳಗ ಫೀ ವಿಷಯ ಅವರೊಬ್ಬರ ಕೈಯಾಗ ಇರಂಗಿಲ್ಲ, ಮ್ಯಾನೇಜ್ಮೆಂಟಿನೋರನ್ನ ಕೇಳಬೇಕು, ಕೇಳೋಕೆ ಕೈಯಾಗ ಲೆಕ್ಕ ಬೇಕು. ಲೆಕ್ಕ ಇಲ್ಲಂದ್ರ "ನೋಡೋಣ" ಅಂತಾರ, ಮುಗೀತು.

ಈ ಸರ್ತಿ ಒಬ್ಬ ಅಣ್ಣ ಬಂದಿದ್ದ, ಮೂರೆಕರೆ ಗದ್ದಿ ಲೀಸಿಗೆ ಮಾಡ್ತಾನ, ತುಂಗಭದ್ರಾ ಎಡದಂಡೆ ಕಾಲುವಿ ನೀರು, ಮನ್ಯಾಗ ಒಂದು ಎಮ್ಮಿ. ಮಗಳು ಆರನೇ ಕ್ಲಾಸು. ಒಟ್ಟು 36,000, ಅದರಾಗ ಟ್ಯೂಷನ್ ಫೀ 24,000, ವ್ಯಾನ್ 9,000, ಪುಸ್ತಕ ಯೂನಿಫಾರಂ 3,000. ಸಾಲಿಯೋರು ಅರ್ಧ ಜೂನಿನಾಗ, ಅರ್ಧ ಅಕ್ಟೋಬರ್‌ನಾಗ ಅಂದಾರ. ಭತ್ತ ಬೆಳೆಯೋರ ಮನಿಗೆ ಇವೆರಡೂ ಕೆಟ್ಟ ತಿಂಗಳು. ಜೂನ್ ಜುಲೈ ಅಂದ್ರ ಸಸಿ ಮಡಿ, ನಾಟಿ ಕೂಲಿ, ಗೊಬ್ಬರ, ಬರೇ ಹೋಗೋ ರೊಕ್ಕ. ಅಕ್ಟೋಬರ್‌ಗೆ ಭತ್ತ ಇನ್ನೂ ಗದ್ದ್ಯಾಗ ನಿಂತಿರ್ತದ.

ಆ ಅಣ್ಣ ಬಂದವನೇ "ಆರು ಸಾವಿರದಂಗ ಆರು ಕಂತು ಮಾಡಿಬಿಡ್ರಿ ಸರ್, ಸಮ ಸಮ" ಅಂದ. ನಾ ಬ್ಯಾಡ ಅಂದೆ. ಸಮ ಕಂತು ತಿಂಗಳಾ ಪಗಾರ ಬರೋರಿಗೆ ಸರಿ, ನಮಗ ರೊಕ್ಕ ಬರೋದೇ ಏರುಪೇರು, ಕಂತೂ ಹಂಗೇ ಇರಬೇಕು. "ಮೊದಲು ರೊಕ್ಕ ಯಾವಾಗ ಕೈಗೆ ಬರ್ತದ ಹೇಳಪ್ಪ" ಅಂದೆ. "ಡಿಸೆಂಬರ್ ಒಂದಕ್ಕ ಬರ್ಕೋರಿ, ನವೆಂಬರ್ ಕಡೀಗೆ ಮಷೀನ್ ಬಿಡ್ತೀವಿ" ಅಂದ. ಎಲ್ಲರೂ ಎಡವೋದು ಇಲ್ಲೇ. ಭತ್ತ ಕೊಯ್ದ ದಿನ ರೊಕ್ಕ ಬರಂಗಿಲ್ಲ. ಒಣಗಿಸಬೇಕು, ರೇಟು ನೋಡಬೇಕು, ದಲಾಲಿ ಅಂಗಡಿಗೆ ಹಾಕಬೇಕು, ಅವರು ಎರಡು ಮೂರು ವಾರ ಬಿಟ್ಟು ಪಟ್ಟಿ ಕೊಡ್ತಾರ, ಅದರಾಗೂ ಗೊಬ್ಬರ ಎಣ್ಣಿಗೆ ತಂದ ಅಡ್ವಾನ್ಸು ಬಡ್ಡಿ ಸಮೇತ ಮೊದಲೇ ಕಟ್. ಆಮೇಲೆ ಹೊಲದ ಲೀಸು. ಉಳಿದದ್ದು ನಿಮ್ದು. ಹಂಗಾಗಿ ಡಿಸೆಂಬರ್ ಒಂದು ಅಂತ ಬರೆದ್ರ ಮೊದಲನೇ ದೊಡ್ಡ ಕಂತೇ ತಪ್ಪಿದಂಗ, ಒಂದ್ಸಲ ತಪ್ಪಿದ್ರ ಆ ಹಾಳಿಗೆ ಬೆಲೆ ಇಲ್ಲ. ಡಿಸೆಂಬರ್ 26 ಅಂತ ಹಾಕ್ಸಿದೆ.

ಹಂಗಂತ ಎಲ್ಲಾ ಡಿಸೆಂಬರ್‌ಗೇ ದೂಡಿದ್ರೂ ನಡ್ಯಂಗಿಲ್ಲ. ಸಾಲಿಯೋರೂ ಟೀಚರ್‌ಗಳಿಗೆ ತಿಂಗಳಾ ಪಗಾರ ಕೊಡಬೇಕು, ನಮ್ಮ ಸುತ್ತಮುತ್ತ ಎಲ್ಲಾರೂ ಭತ್ತದೋರೇ, ಎಲ್ಲಾರೂ ಸುಗ್ಗಿಗೇ ಕೊಡ್ತೀವಿ ಅಂದ್ರ ಅವರು ಸಪ್ಟೆಂಬರ್‌ಗೆ ಏನು ಮಾಡಬೇಕು? ಅದಕ್ಕ ನಡುವೆ ಹಾಲಿನ ಬಟವಾಡಿಯಿಂದ ಸಣ್ಣ ಕಂತು ಇಡಬೇಕು. ಮೂರು ಸಾವಿರ ದೊಡ್ಡದಲ್ಲ, ಆದ್ರ ಕ್ಲರ್ಕ್ ರಿಜಿಸ್ಟರ್‌ನಾಗ ಆ ಹೆಸರಿನ ಮುಂದೆ ಜಮಾ ಬಿದ್ದಿರ್ತದ, "ಇವರು ಕೊಡೋ ಮಂದಿ" ಅಂತ ಗೊತ್ತಾಗ್ತದ. ಕೊನೇ ಕಂತು ಫೆಬ್ರವರಿ, ವಾರ್ಷಿಕ ಪರೀಕ್ಷೆಗಿಂತ ಮೊದಲು. ಎರಡನೇ ಬೆಳಿ ನಂಬಿ ಏಪ್ರಿಲ್ ಮೇ ಅಂತ ಯಾರೂ ಬರೆಸಬ್ಯಾಡ್ರಿ. ಬ್ಯಾಸಿಗಿ ಬೆಳಿಗೆ ನೀರು ಬಿಡ್ತಾರೋ ಇಲ್ಲೋ ಅನ್ನೋದು ಡ್ಯಾಮು, ಮೀಟಿಂಗು ನೋಡಿ ತೀರ್ಮಾನ ಆಗೋದು. 2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಮೊದಲನೇ ಬೆಳಿಗೇ ಎದಿ ಹೊಡ್ಕೊಂಡು ಕುಂತಿದ್ವಿ, ನೆನಪೈತಲ್ಲ.

ಪತ್ರ ಹಿಂಗ ಟೈಪ್ ಮಾಡಿದೆ:

ಗೆ,
ಮುಖ್ಯೋಪಾಧ್ಯಾಯರು,
ವಿಷಯ: 6ನೇ ತರಗತಿಯ ನನ್ನ ಮಗಳ ವಾರ್ಷಿಕ ಶುಲ್ಕ ರೂ. 36,000 ಅನ್ನು ಐದು ಕಂತುಗಳಲ್ಲಿ ಕಟ್ಟಲು ಅನುಮತಿ ಕೋರಿ.

ಮಾನ್ಯರೇ,
ನಾನು ಭತ್ತದ ಕೃಷಿಕ. ನನ್ನ ಮುಖ್ಯ ಆದಾಯ ಡಿಸೆಂಬರ್ ಕೊನೆಗೆ ಬರುತ್ತದೆ. ಶುಲ್ಕದಲ್ಲಿ ರಿಯಾಯಿತಿ ಕೇಳುತ್ತಿಲ್ಲ, ಪೂರ್ತಿ ಕಟ್ಟುತ್ತೇನೆ. ಕೆಳಗಿನ ದಿನಾಂಕಗಳಂತೆ ಕಟ್ಟಲು ಅವಕಾಶ ಕೊಡಬೇಕು, ಈ ದಿನಾಂಕಗಳಿಗೆ ವಿಳಂಬ ದಂಡ ಹಾಕಬಾರದು ಎಂದು ಕೋರುತ್ತೇನೆ.

ಜೂನ್ 10 – 6,000 – ಬಾಕಿ 30,000
ಆಗಸ್ಟ್ 10 – 3,000 – ಬಾಕಿ 27,000
ಅಕ್ಟೋಬರ್ 10 – 3,000 – ಬಾಕಿ 24,000
ಡಿಸೆಂಬರ್ 26 – 18,000 – ಬಾಕಿ 6,000
ಫೆಬ್ರವರಿ 10 – 6,000 – ಬಾಕಿ ಇಲ್ಲ

ಯಾವುದಾದರೂ ಕಂತು ತಡವಾಗುವಂತಿದ್ದರೆ ಒಂದು ವಾರ ಮೊದಲೇ ಬಂದು ತಿಳಿಸುತ್ತೇನೆ. ಬಾಕಿ ವಿಷಯವನ್ನು ನನ್ನ ಫೋನಿಗೆ ತಿಳಿಸಿ, ಮಗಳನ್ನು ತರಗತಿಯಲ್ಲಿ ಕೇಳಬೇಡಿ ಎಂದು ವಿನಂತಿ.

ಅಷ್ಟೇ. ಫೇಸ್‌ಬುಕ್‌ನಾಗ ಗೆರಿ ಹಾಕಾಕ ಬರಂಗಿಲ್ಲ, ಅಂಗಡ್ಯಾಗ ಇದನ್ನ ಸರಿಯಾಗಿ ಟೇಬಲ್ ಮಾಡಿ, ಬಲಗಡೆ ಇನ್ನೊಂದು ಕಾಲಂ ಖಾಲಿ ಬಿಟ್ಟೆ, ರಸೀದಿ ನಂಬರ್ ಬರ್ಕೊಳ್ಳಾಕ. ಬಾಕಿ ಕಾಲಂ ಬೇಕೇ ಬೇಕು ನೋಡ್ರಿ, ಜಗಳ ಆಗೋದು ಕಂತಿನ ಬಗ್ಗೆ ಅಲ್ಲ, ಫೆಬ್ರವರಿಯೊಳಗ "ಇನ್ನೂ ಎಷ್ಟೈತಿ" ಅನ್ನೋದರ ಬಗ್ಗೆ. ಕ್ಲರ್ಕ್‌ನ ಸ್ವಂತ ನಂಬರಿಗೆ ಫೋನ್‌ಪೇ ಮಾಡಿ ಸ್ಕ್ರೀನ್‌ಶಾಟ್ ಇಟ್ಕೊಂಡೇನಿ ಅನ್ನೋರು ಬರ್ತಾರ, ಮುಂದಿನ ವರ್ಷ ಆ ಕ್ಲರ್ಕ್ ಬಿಟ್ಟು ಹೋದ್ರ ಏನು ಮಾಡ್ತೀರಿ, ಸಾಲಿ ರಸೀದಿ ಇಸ್ಕೋರಿ.

ರಿಯಾಯಿತಿ ಕೇಳ್ತಿಲ್ಲ ಅಂತ ಯಾಕ ಬರೆದೆ ಅಂದ್ರ, ಕಮ್ಮಿ ಮಾಡ್ರಿ ಅನ್ನೋದು ಬ್ಯಾರೆ, ಟೈಮ್ ಕೊಡ್ರಿ ಅನ್ನೋದು ಬ್ಯಾರೆ. ಎರಡೂ ಒಂದೇ ಪತ್ರದಾಗ ಕೇಳಿದ್ರ ಮೊದಲನೇದಕ್ಕ ಇಲ್ಲ ಅಂತಾರ, ಅದರ ಕೂಡ ಎರಡನೇದೂ ಹೋಗ್ತದ. ಇನ್ನು ಕೆಲವ್ರು ವಾಟ್ಸಾಪ್‌ನಾಗ ಓದ್ಕೊಂಡು ಬಂದು "ಆರ್‌ಟಿಇ ಕಾಯಿದೆ ಸೆಕ್ಷನ್ 16 ಹಾಕ್ರಿ ಸರ್, ಎಂಟನೇ ಮಟ ಹೊರಗ ಹಾಕಂಗಿಲ್ಲ" ಅಂತಾರ. ಕಾಯಿದೆಯೊಳಗ ಅದು ಐತಿ, ಖರೆ. ಆದ್ರ ಟೈಮ್ ಕೇಳೋ ಮೊದಲನೇ ಪತ್ರದಾಗೇ ಸೆಕ್ಷನ್ ಹಾಕಿದ್ರ ಅದು ನೋಟಿಸ್ ಆಗ್ತದ, ಹೆಡ್‌ಮಾಸ್ಟರ್ ನಮ್ಮ ಕಡೆ ಮಾತಾಡೋ ಬದಲು ಮ್ಯಾನೇಜ್ಮೆಂಟಿನ ಕಡೆ ಕುಂತು ಬಿಡ್ತಾರ. ಹುಡುಗಿನ ಹೊರಗ ನಿಲ್ಸಿದ್ರು ಅಂದ್ರ ಆವಾಗ ಬರೀರಿ, ಬಿಇಓ ಆಫೀಸಿಗೇ ಕೊಡ್ರಿ.

ಮಗಳನ್ನ ಕ್ಲಾಸಿನಾಗ ಕೇಳಬ್ಯಾಡ್ರಿ ಅನ್ನೋ ಸಾಲು ಆ ಅಣ್ಣ ತಾನೇ ಹೇಳಿ ಹಾಕ್ಸಿದ್ದು. ಹೋದ ವರ್ಷ ಬ್ಯಾರೆ ಸಾಲಿಯೊಳಗ ಬಾಕಿ ಇದ್ದೋರ ಹೆಸರು ಓದಿ ಎಬ್ಬಿಸಿ ನಿಂದರಿಸಿದ್ರಂತ, ಹುಡುಗಿ ಮರುದಿನ ಹೊಟ್ಟಿ ನೋವು ಅಂತ ಸಾಲಿಗೇ ಹೋಗಲಿಲ್ಲಂತ.

ಪತ್ರದ ತಳಕ್ಕ ಎರಡು ಸಾಲು ಜಾಗ ಬಿಟ್ಟಿದ್ದೆ, "ಒಪ್ಪಿದೆ" ಅಥವಾ "ಬದಲಾವಣೆಯೊಂದಿಗೆ ಒಪ್ಪಿದೆ", ಸಹಿ, ಸೀಲು. ಹೆಡ್‌ಮಾಸ್ಟರ್ ಮ್ಯಾನೇಜ್ಮೆಂಟಿಗೆ ಫೋನ್ ಹಚ್ಚಿ, ಆಗಸ್ಟ್‌ನ 3,000 ಹೊಡೆದು 5,000 ಮಾಡಿ, ಡಿಸೆಂಬರ್‌ದು 18,000 ಇದ್ದದ್ದು 16,000 ಮಾಡಿ ಸಹಿ ಹಾಕ್ಯಾರ. ಅಣ್ಣ ಅದನ್ನ ತಂದು "ಎರಡು ಸಾವಿರ ಏರಿಸಿಬಿಟ್ರಲ್ಲ ಸರ್" ಅಂದ. ಏರಿಲ್ಲಪ್ಪ, ಒಟ್ಟು ಅಷ್ಟೇ ಐತಿ ಅಂತ ಬಾಕಿ ಕಾಲಂ 25,000, 22,000, 6,000 ಅಂತ ತಿದ್ದಿ ತೋರಿಸಿದೆ. ಆಗಸ್ಟ್‌ಗೆ ಆ ಎರಡು ಸಾವಿರ ಸಂಘದಾಗ ತಗೋತಾಳಂತ ಅವನ ಹೆಂಡ್ತಿ. ತಿದ್ದಿದ ಕಡೆ ಹೆಡ್‌ಮಾಸ್ಟರ್‌ದು ಸಣ್ಣ ಸಹಿ ಇರಲಿಲ್ಲ, ಅದೊಂದು ಹಾಕ್ಸ್ಕೊಂಡು ಬಾ, ಆಮೇಲೆ ಝೆರಾಕ್ಸ್ ಮಾಡಿ ಕೊಡ್ತೀನಿ ಅಂತ ಕಳ್ಸೀನಿ.