ವಯಸ್ಸಿನ ಅಂತರ ಇದ್ದಾಗ ಮೊದಲೇ ಆಡಬೇಕಾದ ಮಾತು

ಅವಳಿಗೆ 31, ಅವನಿಗೆ 44. ಅವನಿಗೆ ವಿಚ್ಛೇದನ ಆಗಿದೆ, 15 ವರ್ಷದ ಮಗಳಿದ್ದಾಳೆ. ಮಾತು ಹೊಂದುತ್ತೆ, ಪರಸ್ಪರ ಗೌರವ ಇದೆ. ಇಂಥ ಜೋಡಿ ಕಂಡಾಗ ಜನ ಸಾಮಾನ್ಯವಾಗಿ ಕೇಳೋದು, 'ಹದಿಮೂರು ವರ್ಷ ಜಾಸ್ತಿ ಆಗಲಿಲ್ವಾ?' ಅಂತ. ಆ ಪ್ರಶ್ನೆಯಿಂದ ಏನೂ ಗೊತ್ತಾಗುವುದಿಲ್ಲ. ಇಬ್ಬರೂ ಒಂದು ಹಾಳೆ ತೆಗೆದುಕೊಂಡು, ಮುಂದಿನ ವರ್ಷಗಳಲ್ಲಿ ತಮ್ಮ ವಯಸ್ಸೆಷ್ಟು ಅಂತ ಅಕ್ಕಪಕ್ಕ ಬರೆದು ನೋಡಲಿ ಅನ್ನುವುದು ನನ್ನ ಅಭಿಪ್ರಾಯ.

ಎರಡು ವರ್ಷದಲ್ಲಿ ಮಗು ಆಯಿತು ಅಂದುಕೊಳ್ಳಿ. ಆಗ ಅವಳಿಗೆ 33, ಅವನಿಗೆ 46. ಅವನು 60ಕ್ಕೆ ನಿವೃತ್ತನಾದರೆ ಮಗುವಿಗೆ ಆಗ 14. ಮುಂದಿನ ಓದಿನ ಖರ್ಚು ಬಹುತೇಕ ಅವಳ ಸಂಬಳದ ಮೇಲೆ ಬೀಳುತ್ತದೆ. ಅಂದರೆ ಮಗುವಿಗೋಸ್ಕರ ಅವಳು ಕೆಲಸ ಬಿಡುವ ಮಾತು ಬಂದರೆ, ಮತ್ತೆ ಯಾವಾಗ ಸೇರುತ್ತಾಳೆ ಅನ್ನುವುದೂ ಆಗಲೇ ಬರಬೇಕು. ಅವನಿಗೆ 75 ಆದಾಗ ಅವಳಿಗೆ 62. ಆರೈಕೆ ಯಾರು ಯಾರಿಗೆ ಮಾಡುವ ಸಂಭವ ಜಾಸ್ತಿ ಅಂತ ಹಾಳೆಯೇ ಹೇಳುತ್ತದೆ. ಇವತ್ತು ಇಬ್ಬರೂ ಗಟ್ಟಿಯಾಗಿದ್ದಾರೆ, ಹಾಗಾಗಿ ಅಂತರ ಕಾಣುತ್ತಿಲ್ಲ ಅಷ್ಟೇ.

ಮಗುವಿನ ವಿಷಯವನ್ನು ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲೇ ಎತ್ತಬೇಕು, ಮನೆಯವರಿಗೆ ಹೇಳುವ ಮುಂಚೆ. ಹೆಣ್ಣಿಗೆ ಮೂವತ್ತೈದರ ಆಚೆ ಗರ್ಭ ನಿಲ್ಲುವ ಸಾಧ್ಯತೆ ಬೇಗ ಇಳಿಯುತ್ತದೆ. ಗಂಡಿನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ, ಜನ ಅದನ್ನು ಮರೆಯುತ್ತಾರೆ. 'ನಿಮಗೆ ಮಕ್ಕಳು ಇಷ್ಟಾನಾ?' ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಹೀಗೆ ಕೇಳಿ: 'ಒಂದು ಸಲ ಮಗು ಬೆಳೆಸಿದ್ದೀರಿ. ಮತ್ತೆ ರಾತ್ರಿ ನಿದ್ದೆಗೆಡೋದಕ್ಕೆ, ಅರವತ್ತು ದಾಟಿದ ಮೇಲೂ ಫೀಸು ಕಟ್ಟೋದಕ್ಕೆ ನಿಮಗೆ ಮನಸ್ಸಿದೆಯಾ?' ನಿಜವಾಗಿ ಬೇಕು ಅನ್ನುವವರು ತಮ್ಮ ದುಡ್ಡು, ಆರೋಗ್ಯ, ಇಷ್ಟರೊಳಗೆ ಆಗಬೇಕು ಅನ್ನುವ ವರ್ಷ, ಇವನ್ನೆಲ್ಲ ಮಾತಿಗೆ ತರುತ್ತಾರೆ. 'ನಿನಗೆ ಬೇಕಿದ್ದರೆ ನನ್ನದೇನೂ ಅಡ್ಡಿ ಇಲ್ಲ' ಅಂದರೆ ನಾನಂತೂ ಅದನ್ನು ಒಪ್ಪಿಗೆ ಅಂತ ತಗೊಳ್ಳುವುದಿಲ್ಲ. ನಿಮ್ಮನ್ನು ಕಳೆದುಕೊಳ್ಳುವ ಭಯಕ್ಕೆ ಹಾಗೆ ಹೇಳಿರಬಹುದು. ಮೂರು ವರ್ಷ ಕಳೆದ ಮೇಲೆ ಅದು ಹೊರಗೆ ಬಂದರೆ ಕಳೆದ ಕಾಲ ಅವಳಿಗೆ ಮಾತ್ರ ದುಬಾರಿ.

ಅವನ ಮಗಳ ಬಗ್ಗೆಯೂ ಮಾತಾಡಬೇಕು. ಅವಳಿಗೂ ಇವಳಿಗೂ 16 ವರ್ಷದ ಅಂತರ. ತಾಯಿಯ ಜಾಗಕ್ಕೆ ಹೋಗುವ ಅಗತ್ಯ ಇಲ್ಲ, ಸುಮ್ನೆ ಅಕ್ಕರೆಯ ದೊಡ್ಡವಳಾಗಿ ಇದ್ದರೆ ಸಾಕು. ಆದರೆ ಅವಳನ್ನು ಗದರುವ ಹಕ್ಕು ಯಾರಿಗೆ, ಅವಳ ಕಾಲೇಜಿಗೆ ಎತ್ತಿಟ್ಟ ದುಡ್ಡು ಎಷ್ಟು, ಇದನ್ನು ಅಪ್ಪನೇ ಬಾಯಿಬಿಟ್ಟು ಹೇಳಬೇಕು. ಇಬ್ಬರೂ ಮದುವೆ ಅಂತ ಗಟ್ಟಿ ಮಾಡಿಕೊಳ್ಳುವವರೆಗೆ ಹುಡುಗಿಗೆ ಪರಿಚಯ ಮಾಡಿಸುವುದು ಬೇಡ. ಒಬ್ಬರು ಮನೆಬಿಟ್ಟು ಹೋದದ್ದನ್ನು ಅವಳು ಈಗಾಗಲೇ ನೋಡಿದ್ದಾಳೆ.

ಇನ್ನೊಂದು, ಯಾರು ಯಾರ ಬದುಕಿಗೆ ಹೊಂದಿಕೊಳ್ಳುತ್ತಿದ್ದಾರೆ ಅಂತ ಗಮನಿಸಿ. ದೊಡ್ಡವರ ಮನೆ, ಕೆಲಸ, ಗೆಳೆಯರು ಎಲ್ಲ ನೆಲೆ ನಿಂತಿರುತ್ತದೆ. ಹಾಗಾಗಿ ಚಿಕ್ಕವರೇ ಊರು ಬಿಡಬೇಕು, ಕೆಲಸ ಬದಲಿಸಬೇಕು ಅಂತ ಚರ್ಚೆಯೇ ಇಲ್ಲದೆ ತೀರ್ಮಾನ ಆಗಿಬಿಡುತ್ತದೆ. ಅವಳಿಗೆ ಬೇರೆ ಊರಲ್ಲಿ ಒಳ್ಳೆ ಕೆಲಸ ಸಿಕ್ಕರೆ ಅವನು ಏನು ಮಾಡುತ್ತಾನೆ? ಮಗಳ ಓದು ಮುಗಿಯುವವರೆಗೆ ಕದಲೋಕೆ ಆಗಲ್ಲ ಅಂದರೆ ಅದು ನ್ಯಾಯವಾದ ಉತ್ತರವೇ. ಅದಕ್ಕೆ ಇನ್ನೂ ಎಷ್ಟು ವರ್ಷ ಅನ್ನುವುದನ್ನೂ ಅದೇ ಹಾಳೆಯಲ್ಲಿ ಬರೆದಿಡಿ.