ನಡಾವಳಿ ದೃಢೀಕರಣವಾದ ಮೇಲೆ ಸಭೆಯ ಧ್ವನಿಮುದ್ರಣವನ್ನು ಅಳಿಸಬೇಕೆ?

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಮುಂದೆ ಈಗ ಒಂದು ಉಪನಿಯಮದ ಕರಡು ಇದೆ. ಸರ್ವಸದಸ್ಯರ ಸಭೆಯನ್ನು ಕಾರ್ಯದರ್ಶಿಯವರು ಧ್ವನಿಮುದ್ರಿಸಬಹುದು, ಅದಕ್ಕೆ ಸಭೆಯ ಆರಂಭದಲ್ಲಿ ಹಾಜರಿದ್ದವರ ಒಪ್ಪಿಗೆ ಪಡೆಯಬೇಕು, ನಡಾವಳಿ ದೃಢೀಕರಣವಾದ 7 ದಿನಗಳೊಳಗೆ ಮುದ್ರಣವನ್ನು ಅಳಿಸಬೇಕು ಎಂಬುದು ಅದರ ಸಾರ. ಮೊದಲೆರಡು ಮಾತಿಗೆ ಹೆಚ್ಚಿನ ತಕರಾರಿಲ್ಲ. ವಾದವಿರುವುದು ಮೂರನೆಯದರ ಬಗ್ಗೆ. ಅದೇ ಸಂಘದ ಇಬ್ಬರು ಸದಸ್ಯರ ಅಭಿಪ್ರಾಯ ಇಲ್ಲಿದೆ.

ಪರ: ಉದ್ದೇಶ ಮುಗಿದ ಮೇಲೆ ಧ್ವನಿ ಉಳಿಯಬಾರದು

ಆರು ವರ್ಷ ಸಂಘದ ಕಾರ್ಯದರ್ಶಿಯಾಗಿ ನಡಾವಳಿ ಬರೆದವನು ನಾನು. ಎರಡು ಗಂಟೆಯ ಸಭೆಯಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನಿಬ್ಬರು ಎದ್ದು ನಿಂತಿರುತ್ತಾರೆ. ಸೂಚಕರು ಯಾರು, ಅನುಮೋದಕರು ಯಾರು, ತಿದ್ದುಪಡಿ ಸೂಚಿಸಿದವರು ಅದನ್ನು ಹಿಂದಕ್ಕೆ ಪಡೆದರೋ ಇಲ್ಲವೋ ಎಂಬುದನ್ನು ಕೈಬರಹದ ಟಿಪ್ಪಣಿಯೊಂದರಿಂದಲೇ ಖಚಿತವಾಗಿ ಹೇಳಲಾಗದು. ಆದ್ದರಿಂದ ಮೇಜಿನ ಮೇಲೆ ಫೋನಿಟ್ಟು ಮುದ್ರಿಸಿಕೊಂಡು, ಮರುದಿನ ಕೇಳಿ ಕರಡು ಸಿದ್ಧಪಡಿಸುತ್ತಿದ್ದೆ. ಮುದ್ರಣದ ಉಪಯೋಗ ಅಷ್ಟೇ. ಕರಡು ಸದಸ್ಯರಿಗೆ ತಲುಪಿ, ಆಕ್ಷೇಪಣೆಗಳು ಬಂದು, ಮುಂದಿನ ಸಭೆಯಲ್ಲಿ ನಡಾವಳಿ ದೃಢೀಕರಣವಾಗಿ ಅಧ್ಯಕ್ಷರ ಸಹಿ ಬಿದ್ದ ಮೇಲೆ ಆ ಸಭೆಯ ದಾಖಲೆ ನಡಾವಳಿ ಪುಸ್ತಕವೇ ಹೊರತು ಫೋನಿನಲ್ಲಿರುವ ಕಡತವಲ್ಲ.

ಎರಡೂ ಇರಲಿ, ನಷ್ಟವೇನು ಎಂದು ಕೇಳುವವರಿಗೆ ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ನಿರ್ವಹಣಾ ಶುಲ್ಕದ ಬಾಕಿಯ ಪಟ್ಟಿ ಚರ್ಚೆಗೆ ಬಂದಾಗ ಹಿರಿಯ ಮಹಿಳೆಯೊಬ್ಬರು ಎದ್ದು, ಯಜಮಾನರ ಚಿಕಿತ್ಸೆಗೆ ಎಷ್ಟು ಖರ್ಚಾಯಿತು, ಮಗ ಯಾಕೆ ನೆರವಾಗುತ್ತಿಲ್ಲ ಎಂಬುದನ್ನೆಲ್ಲ ನಡುಗುವ ದನಿಯಲ್ಲಿ ಹೇಳಿದರು. ನಡಾವಳಿಯಲ್ಲಿ ನಾನು ಬರೆದದ್ದು ಒಂದೇ ಸಾಲು: "ಬಾಕಿ ಇರುವ ಒಂದು ಮನೆಗೆ ಮೂರು ತಿಂಗಳ ಕಾಲಾವಕಾಶ ನೀಡಲಾಯಿತು." ಸಭೆ ಅದನ್ನು ದೃಢೀಕರಿಸಿತು. ಆದರೆ ಮುದ್ರಣ ಸಮಿತಿಯ ಹಂಚಿಕೆಯ ಫೋಲ್ಡರಿನಲ್ಲೇ ಉಳಿದಿತ್ತು. ನಾಲ್ಕು ತಿಂಗಳ ನಂತರ, ಬೇರೆ ಯಾವುದೋ ಜಗಳದ ನಡುವೆ, ಆ ಮಾತಿನ ಮುಕ್ಕಾಲು ನಿಮಿಷದ ತುಣುಕು ವಾಟ್ಸ್ಆ್ಯಪ್ ಗುಂಪಿಗೆ ಬಂತು. ಆ ತಾಯಿ ಮತ್ತೆಂದೂ ಸಭೆಗೆ ಬರಲಿಲ್ಲ. ಆ ಕಡತವನ್ನು ಸಕಾಲದಲ್ಲಿ ಅಳಿಸದೆ ಬಿಟ್ಟವನು ನಾನೇ ಎಂಬ ನೋವು ಇಂದಿಗೂ ಇದೆ.

ನಡಾವಳಿಯಲ್ಲಿ ಎಲ್ಲವನ್ನೂ ಬರೆಯದಿರುವುದು ಲೋಪವಲ್ಲ. 2013ರ ಕಂಪನಿಗಳ ಕಾಯ್ದೆಯ 118ನೇ ಕಲಂ, ಮಾನಹಾನಿಕರವೆಂದೋ ಅಪ್ರಸ್ತುತವೆಂದೋ ಅಧ್ಯಕ್ಷರಿಗೆ ತೋರುವ ಮಾತನ್ನು ನಡಾವಳಿಯಲ್ಲಿ ಸೇರಿಸಕೂಡದು ಎಂದೇ ಹೇಳುತ್ತದೆ. ಆ ಕಲಂ ನಮ್ಮಂಥ ಸಂಘಕ್ಕೆ ಅನ್ವಯಿಸುವುದಿಲ್ಲವಾದರೂ ಅದರ ಹಿಂದಿನ ವಿವೇಕ ಎಲ್ಲ ಸಭೆಗಳಿಗೂ ಸಲ್ಲುತ್ತದೆ. ಬರಹದಿಂದ ತೆಗೆದ ಮಾತನ್ನೇ ಧ್ವನಿಯ ರೂಪದಲ್ಲಿ ವರ್ಷಗಟ್ಟಲೆ ಕಾಪಿಟ್ಟರೆ ತೆಗೆದದ್ದಕ್ಕೆ ಅರ್ಥವೇ ಇರುವುದಿಲ್ಲ.

ಇನ್ನು ಒಪ್ಪಿಗೆಯ ವಿಷಯ. ಸಂಸತ್ತು ಅಂಗೀಕರಿಸಿದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ನಿರ್ದಿಷ್ಟ ಉದ್ದೇಶಕ್ಕೆ ಮಾತ್ರ ಸಲ್ಲುತ್ತದೆ, ಮತ್ತು ಆ ಉದ್ದೇಶ ತೀರಿದ ಮೇಲೆ, ಬೇರೊಂದು ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ, ದತ್ತಾಂಶವನ್ನು ಅಳಿಸಬೇಕು. "ನಡಾವಳಿ ಬರೆಯಲು ಮುದ್ರಿಸುತ್ತಿದ್ದೇವೆ, ಆಗಬಹುದೇ?" ಎಂದು ಕೇಳಿ ಪಡೆದ ಒಪ್ಪಿಗೆ ನಡಾವಳಿಯೊಂದಿಗೇ ಮುಗಿಯುತ್ತದೆ. ಆ ಒಪ್ಪಿಗೆಯಾದರೂ ಎಷ್ಟು ಪೂರ್ಣ? ಆರಂಭದಲ್ಲಿ ಕೇಳಿದಾಗ ಇದ್ದವರು ಮೂವತ್ತು ಜನ, ಮುಗಿಯುವ ಹೊತ್ತಿಗೆ ಮಾತನಾಡಿದವರಲ್ಲಿ ಆರೇಳು ಮಂದಿ ತಡವಾಗಿ ಬಂದವರು. ಹೀಗಾಗಿ ಸಭಾಂಗಣದ ಬಾಗಿಲಲ್ಲೇ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೂಚನೆ ಇರಬೇಕು, ಹಾಜರಿ ಪುಸ್ತಕದಲ್ಲಿ ಒಪ್ಪಿಗೆಗೆ ಪ್ರತ್ಯೇಕ ಅಂಕಣ ಇರಬೇಕು, ಬೇಡವೆಂದವರು ಮಾತನಾಡುವಾಗ ಮುದ್ರಣ ನಿಲ್ಲಿಸಬೇಕು.

ಅಳಿಸುವುದೆಂದರೆ ಫೋನಿನಲ್ಲಿ ಒಂದು ಗುಂಡಿ ಒತ್ತುವುದಲ್ಲ. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ ಕಡತ 30 ದಿನ ಕಸದ ಬುಟ್ಟಿಯಲ್ಲೇ ಇರುತ್ತದೆ. ಕಾರ್ಯದರ್ಶಿಯ ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ, ಕರಡು ಟೈಪ್ ಮಾಡಿಕೊಟ್ಟವರ ಬಳಿ ಇನ್ನೊಂದು ಉಳಿದಿರುತ್ತದೆ. ಆದ್ದರಿಂದ ಇಬ್ಬರು ಪದಾಧಿಕಾರಿಗಳು ಎಲ್ಲ ಪ್ರತಿಗಳನ್ನೂ ನೋಡಿ ಅಳಿಸಿ, ದಿನಾಂಕದೊಂದಿಗೆ ನಡಾವಳಿ ಪುಸ್ತಕದಲ್ಲಿ ಸಹಿ ಹಾಕಬೇಕು. ದೃಢೀಕರಣದ ಮೊದಲು ಯಾರಾದರೂ ಲಿಖಿತ ಆಕ್ಷೇಪಣೆ ಕೊಟ್ಟಿದ್ದರೆ, ಅಥವಾ ವಕೀಲರ ನೋಟಿಸ್ ಬಂದಿದ್ದರೆ, ಆ ಪ್ರಶ್ನೆ ಇತ್ಯರ್ಥವಾಗುವವರೆಗೆ ಮುದ್ರಣವನ್ನು ಮುಟ್ಟಬಾರದು. ಈ ವಿನಾಯಿತಿಯನ್ನು ಕರಡಿಗೆ ಸೇರಿಸುವುದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ.

ವಿರೋಧ: ದೃಢೀಕರಣವೇ ಕೊನೆಯ ಪರೀಕ್ಷೆಯಲ್ಲ

ಮೇಲಿನ ಬರಹ ಓದಿ, ಆ ಹಿರಿಯ ಮಹಿಳೆಗೆ ಆದದ್ದು ಮತ್ತೊಬ್ಬರಿಗೆ ಆಗಕೂಡದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ಭಿನ್ನಾಭಿಪ್ರಾಯ ಇರುವುದು, ಆ ಕಾರಣಕ್ಕಾಗಿ ಇಡೀ ಸಭೆಯ ಮುದ್ರಣವನ್ನು ದೃಢೀಕರಣದ ದಿನಕ್ಕೆ ಕಟ್ಟಿಹಾಕುವುದರ ಬಗ್ಗೆ.

ದೃಢೀಕರಣ ನಮ್ಮ ಸಭೆಗಳಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ. ಕಾರ್ಯಸೂಚಿಯ ಮೊದಲ ವಿಷಯ ಯಾವಾಗಲೂ "ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು". ಆ ಹೊತ್ತಿಗೆ ಕೋರಂ ಆಗಷ್ಟೇ ತುಂಬಿರುತ್ತದೆ, ಅರ್ಧ ಜನ ಇನ್ನೂ ಕುರ್ಚಿ ಹುಡುಕುತ್ತಿರುತ್ತಾರೆ. "ನಡಾವಳಿ ಎಲ್ಲರಿಗೂ ತಲುಪಿದೆ, ಓದಿದಂತೆ ಭಾವಿಸೋಣವೇ?" ಎಂದು ಕಾರ್ಯದರ್ಶಿಯವರು ಕೇಳುತ್ತಾರೆ, ಮುಂದಿನ ಸಾಲಿನಿಂದ ಒಬ್ಬರು "ಆಗಲಿ ಸರ್" ಎನ್ನುತ್ತಾರೆ. ಒಂದು ನಿಮಿಷದ ಕೆಲಸ. ಹಿಂದಿನ ಸಭೆಯಲ್ಲಿ ಇಲ್ಲದವರೂ ಇಲ್ಲಿ ಕೈ ಎತ್ತಿರುತ್ತಾರೆ. ನಡಾವಳಿಯಲ್ಲಿ ತಪ್ಪಿದ್ದರೆ ಅದು ಆ ನಿಮಿಷದಲ್ಲಿ ಯಾರಿಗೂ ಕಾಣುವುದಿಲ್ಲ. ಹಣ ಖರ್ಚಾಗಿ, ಲೆಕ್ಕಪರಿಶೋಧಕರು ಬಿಲ್ಲು ಮತ್ತು ಠರಾವನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಕಾಣುತ್ತದೆ.

ನಾನು ಮೊದಲು ವಾಸವಿದ್ದ ಸಮುಚ್ಚಯದಲ್ಲಿ ಆದದ್ದು ಇದೇ. ಕೊಳಚೆ ನೀರಿನ ಶುದ್ಧೀಕರಣ ಘಟಕ, ಅಂದರೆ ಎಲ್ಲರೂ ಎಸ್‌ಟಿಪಿ ಎನ್ನುವುದು, ಕೆಟ್ಟು ಬ್ಲೋವರ್ ಬದಲಿಸಬೇಕಾಗಿ ಬಂದಾಗ ಆಗಸ್ಟ್ ತಿಂಗಳಲ್ಲಿ ವಿಶೇಷ ಸಭೆ ಸೇರಿತು. ಮೂರು ಕೊಟೇಷನ್ ತರಿಸಬೇಕು, ವೆಚ್ಚ 18 ಲಕ್ಷ ರೂಪಾಯಿ ಮೀರಬಾರದು ಎಂದು ಸಭೆ ಒಪ್ಪಿತು ಎಂಬುದು ನನ್ನ ಮತ್ತು ಹಲವರ ನೆನಪು. ನಡಾವಳಿಯಲ್ಲಿ ಬಂದದ್ದು "ಎಸ್‌ಟಿಪಿ ದುರಸ್ತಿಗೆ ಸಭೆ ಒಪ್ಪಿಗೆ ನೀಡಿತು, ಅಂದಾಜು ವೆಚ್ಚ 18 ಲಕ್ಷ ರೂಪಾಯಿ" ಎಂದು. ನವೆಂಬರಿನಲ್ಲಿ ದೃಢೀಕರಣವಾಯಿತು, ಅದೇ ವಾರ ಮುದ್ರಣ ಅಳಿಸಲಾಯಿತು. ಜನವರಿಯಲ್ಲಿ ಕೆಲಸ ಮುಗಿದು 21 ಲಕ್ಷ 40 ಸಾವಿರದ ಬಿಲ್ಲು ಪಾವತಿಯಾಯಿತು. ಮರುವರ್ಷ ಜುಲೈನಲ್ಲಿ ಲೆಕ್ಕಪರಿಶೋಧಕರು ಹೆಚ್ಚುವರಿ 3 ಲಕ್ಷ 40 ಸಾವಿರಕ್ಕೆ ಒಪ್ಪಿಗೆ ಎಲ್ಲಿದೆ, ಉಳಿದೆರಡು ಕೊಟೇಷನ್ ಎಲ್ಲಿವೆ ಎಂದು ಕೇಳಿದರು. "ಅಂದಾಜು" ಎಂಬ ಒಂದು ಪದದ ಮೇಲೆ ಸಮಿತಿ ನಿಂತಿತು, "ಮೀರಬಾರದು" ಎಂಬ ನೆನಪಿನ ಮೇಲೆ ನಾವು ನಿಂತೆವು. ಯಾರೂ ಬೇಕೆಂದು ಮೋಸ ಮಾಡಿದ್ದರು ಎಂದು ನಾನು ಇಂದಿಗೂ ನಂಬುವುದಿಲ್ಲ. ಬರೆಯುವವರ ಕೈಯಲ್ಲಿ ಒಂದು ಮಿತಿ ಅಂದಾಜಾಗಿ ಬದಲಾಗಿರಬಹುದು, ಅಥವಾ ನಮ್ಮ ನೆನಪೇ ತಪ್ಪಿರಬಹುದು. ಅದನ್ನು ತೀರ್ಮಾನಿಸಬಹುದಾಗಿದ್ದ ಏಕೈಕ ಸಾಕ್ಷ್ಯವನ್ನು ನಿಯಮಬದ್ಧವಾಗಿಯೇ ಅಳಿಸಲಾಗಿತ್ತು.

ಹಿಂದಿನ ಲೇಖಕರು ಕಂಪನಿಗಳ ಕಾಯ್ದೆಯನ್ನು ನೆನಪಿಸಿದ್ದಾರೆ. ಅದೇ ಕಾಯ್ದೆಯಡಿ 2014ರಲ್ಲಿ ಬಂದ, ನಿರ್ದೇಶಕ ಮಂಡಳಿಯ ಸಭೆಗಳ ನಿಯಮಗಳು ವಿಡಿಯೊ ಮೂಲಕ ನಡೆಯುವ ಸಭೆಗಳ ಮುದ್ರಣದ ಬಗ್ಗೆ ನೇರವಾಗಿಯೇ ಹೇಳುತ್ತವೆ. ಅಲ್ಲಿ ಕರಡು ನಡಾವಳಿ 15 ದಿನದೊಳಗೆ ನಿರ್ದೇಶಕರಿಗೆ ಹೋಗಬೇಕು, ಅವರು 7 ದಿನದೊಳಗೆ ಅಭಿಪ್ರಾಯ ತಿಳಿಸಬೇಕು. ಆದರೆ ಮುದ್ರಣವನ್ನು ಕಂಪನಿಯ ದಾಖಲೆಯ ಭಾಗವಾಗಿ ಕನಿಷ್ಠ ಆ ವರ್ಷದ ಲೆಕ್ಕಪರಿಶೋಧನೆ ಮುಗಿಯುವವರೆಗೆ ಕಾಪಾಡಬೇಕು. ಅಂದರೆ ನಡಾವಳಿ ಅಂತಿಮವಾಗುವ ದಿನಕ್ಕೂ ಮುದ್ರಣ ಉಳಿಸುವ ಅವಧಿಗೂ ನಿಯಮ ಮಾಡಿದವರು ಗಂಟು ಹಾಕಲಿಲ್ಲ. ನಮ್ಮ ಸಂಘ ಕಂಪನಿಯಲ್ಲ, ನಿಜ. ಆದರೆ ನೂರಾರು ಕುಟುಂಬಗಳ ಹಣ ಖರ್ಚು ಮಾಡುವ ಸಂಘಕ್ಕೂ ಲೆಕ್ಕಪರಿಶೋಧನೆಯೇ ಸರಿಯಾದ ಗಡಿ.

ಉದ್ದೇಶ ಮುಗಿದ ಮೇಲೆ ಅಳಿಸಬೇಕೆಂಬ ತತ್ವಕ್ಕೂ ಇದು ವಿರುದ್ಧವಲ್ಲ. ಉದ್ದೇಶ ಯಾವುದು ಎಂಬುದನ್ನು ಸೂಚನಾ ಪತ್ರವೇ ಹೇಳುತ್ತದೆ. "ನಡಾವಳಿ ಬರೆಯುವುದಕ್ಕೂ, ಆ ವರ್ಷದ ಲೆಕ್ಕಪತ್ರ ಮಹಾಸಭೆಯಲ್ಲಿ ಅಂಗೀಕಾರವಾಗುವವರೆಗೆ ಠರಾವಿನ ಬಗ್ಗೆ ಏಳುವ ಪ್ರಶ್ನೆಗಳ ಪರಿಶೀಲನೆಗೂ" ಎಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆದರೆ ಯಾರನ್ನೂ ಕತ್ತಲಲ್ಲಿ ಇಟ್ಟಂತಾಗುವುದಿಲ್ಲ.

ಇನ್ನೊಂದು ವಿಷಯಕ್ಕೆ ಪರವಾದಿಗಳು ಉತ್ತರ ಕೊಡಬೇಕು. ಸಂಘ ತನ್ನ ಪ್ರತಿಯನ್ನು ಅಳಿಸಿದ ಮಾತ್ರಕ್ಕೆ ಮುದ್ರಣ ಇಲ್ಲವಾಗುವುದಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತವರ ಜೇಬಿನ ಫೋನಿನಲ್ಲಿ ಒಂದು ಪ್ರತಿ ಇದ್ದೇ ಇರುತ್ತದೆ, ಮತ್ತು ತುಂಡರಿಸಿ ಹಂಚುವವರು ಅವರೇ. ಮೂಲ ಪ್ರತಿ ಸಂಘದ ಬಳಿ ಇದ್ದರೆ, ಮುಕ್ಕಾಲು ನಿಮಿಷದ ತುಣುಕಿನ ಹಿಂದೆಮುಂದೆ ಏನಿತ್ತೆಂದು ತೋರಿಸಬಹುದು. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು, ಅದರ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತದ ಒಳಾಂಶದಿಂದ ಲೆಕ್ಕಹಾಕಿ ಪಡೆಯುವ ಬೆರಳಚ್ಚಿನಂಥ ಸಂಕೇತವನ್ನೂ, ನಮೂದಿಸಬೇಕು. ಕಡತದಲ್ಲಿ ಒಂದು ಸೆಕೆಂಡು ಕತ್ತರಿಸಿದರೂ ಆ ಮೌಲ್ಯ ಬದಲಾಗುತ್ತದೆ. ಸಭೆ ಮುಗಿದ ದಿನವೇ ಅದನ್ನು ಲೆಕ್ಕಹಾಕಿ ನಡಾವಳಿ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ಯಾರ ಪ್ರತಿ ಮೂಲ ಎಂಬ ಪ್ರಶ್ನೆಗೆ ಅಲ್ಲೇ ಉತ್ತರವಿರುತ್ತದೆ.

ಹಂಚಿಕೆಯ ಫೋಲ್ಡರಿನಲ್ಲಿ ಹತ್ತು ಜನರ ಕೈಗೆ ಸಿಗುವಂತೆ ಇಟ್ಟದ್ದೇ ಆ ಮಹಿಳೆಯ ಪ್ರಕರಣದಲ್ಲಿ ಆದ ತಪ್ಪು ಎಂದು ನನಗನಿಸುತ್ತದೆ. ಬಾಕಿದಾರರ ವೈಯಕ್ತಿಕ ಕಷ್ಟದಂಥ ವಿಷಯ ಬಂದಾಗ ಅಧ್ಯಕ್ಷರು ಮುದ್ರಣ ನಿಲ್ಲಿಸಲು ಹೇಳಿ, ಎಷ್ಟು ಗಂಟೆಗೆ ನಿಲ್ಲಿಸಿ ಎಷ್ಟಕ್ಕೆ ಮತ್ತೆ ಆರಂಭಿಸಲಾಯಿತು ಎಂದು ನಡಾವಳಿಯಲ್ಲಿ ನಮೂದಿಸಬೇಕು. ಉಳಿದ ಮುದ್ರಣದ ಒಂದೇ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ, ಲಕೋಟೆಗೆ ಮೂವರ ಸಹಿಯೊಂದಿಗೆ ಅರಗು ಹಚ್ಚಿ, ಸಂಘದ ಬೀರುವಿನಲ್ಲಿ ಇಡಬೇಕು. ಕೇಳಬಯಸುವ ಸದಸ್ಯರು ಯಾವ ಠರಾವು ಎಂದು ಬರೆದುಕೊಟ್ಟು, ಇಬ್ಬರು ಪದಾಧಿಕಾರಿಗಳ ಎದುರು ಕಚೇರಿಯಲ್ಲೇ ಆ ಭಾಗವನ್ನಷ್ಟೇ ಕೇಳಬೇಕು, ಪ್ರತಿ ಯಾರಿಗೂ ಕೊಡಬಾರದು. ಲೆಕ್ಕಪತ್ರ ಅಂಗೀಕಾರವಾದ 30 ದಿನದೊಳಗೆ, ಹಿಂದಿನ ಲೇಖಕರು ವಿವರಿಸಿದ ಕ್ರಮದಲ್ಲಿಯೇ ಅದನ್ನು ಅಳಿಸಬೇಕು. ಕರಡಿನ "ನಡಾವಳಿ ದೃಢೀಕರಣವಾದ 7 ದಿನಗಳೊಳಗೆ" ಎಂಬ ಮಾತುಗಳ ಬದಲಿಗೆ ಇದನ್ನು ಸೇರಿಸುವಂತೆ ತಿದ್ದುಪಡಿಯನ್ನು ನಾನು ಲಿಖಿತವಾಗಿ ಸಲ್ಲಿಸಿದ್ದೇನೆ.