ಹಕಾರಕ್ಕೆ ಎರಡು ಅಂಕ

ಮುಂಬೈ ಉಪನಗರದ ಕನ್ನಡ ಸಂಘವೊಂದು ನಡೆಸಿದ ‘ಶುದ್ಧ ಉಚ್ಚಾರಣೆ’ ಸ್ಪರ್ಧೆಯ ನಿಯಮಾವಳಿಯನ್ನು ತಾವೆಲ್ಲರೂ ವಾಟ್ಸಾಪಿನಲ್ಲಿ ಓದಿಯೇ ಇರುತ್ತೀರಿ. ಹಕಾರವನ್ನು ನುಂಗಿದವರಿಗೆ ಎರಡು ಅಂಕ ಕಡಿತ ಎಂಬ ನಿಯಮವನ್ನು ಕಂಡು, ಇನ್ನು ಕನ್ನಡಕ್ಕೆ ಚಿಂತೆಯಿಲ್ಲವೆಂದು ನಾನೂ ನೆಮ್ಮದಿಯ ಉಸಿರು ಬಿಟ್ಟೆ.

ಮಂಡ್ಯದ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿಯುವ ಹಿರಿಯರೊಬ್ಬರು ಮೈಕಿನ ಮುಂದೆ ಹಾಲನ್ನು ‘ಆಲು’ ಎಂದರು, ಎರಡು ಅಂಕ ಹೋಯಿತು. ಎಚ್ಚೆತ್ತುಕೊಂಡ ಅವರು ಮುಂದಿನ ವಾಕ್ಯದಲ್ಲಿ ‘ಹಕ್ಕಿ ತೊಳೆದು ಹನ್ನ ಮಾಡಿದರು’ ಎಂದಾಗ ತೀರ್ಪುಗಾರರು ಬಾಯಿಗೆ ಕರವಸ್ತ್ರ ಹಿಡಿದು ನಕ್ಕರು. ಇಲ್ಲದ ಕಡೆ ಹಕಾರವನ್ನು ತಂದು ಕೂರಿಸುವ ಇದನ್ನು ಭಾಷಾವಿಜ್ಞಾನಿಗಳು ಅತಿಶುದ್ಧಿ ಎನ್ನುತ್ತಾರೆ. ತನ್ನ ಮಾತು ಕೀಳೆಂದು ಜನ ಬಗೆಯುತ್ತಾರೆಂಬ ಅಳುಕಿದ್ದವರಲ್ಲಿ, ಅದೂ ಯಾರೋ ಕಿವಿಗೊಟ್ಟು ಕೇಳುತ್ತಿರುವಾಗ, ಇದು ಹೆಚ್ಚು.

ಅಂದ ಹಾಗೆ, ಈ ಹಕಾರವಾದರೂ ಎಲ್ಲಿಂದ ಬಂತು? ಹತ್ತನೇ ಶತಮಾನದ ಪಂಪನಿಗೆ ಹಾಲು ‘ಪಾಲ್’. ಮುಂದಿನ ಕೆಲವು ಶತಮಾನಗಳಲ್ಲಿ ಪಕಾರ ಸಡಿಲಗೊಂಡು ‘ಹಾಲು’ ಆಯಿತು. ಆ ಸಡಿಲಿಕೆ ಇನ್ನೊಂದು ಹೆಜ್ಜೆ ಮುಂದಿಟ್ಟರೆ ‘ಆಲು’. ಪಂಪನನ್ನು ತೀರ್ಪುಗಾರನಾಗಿ ಕರೆದಿದ್ದರೆ ವೇದಿಕೆಯ ಮೇಲಿದ್ದ ಮಹನೀಯರಿಗೆಲ್ಲ ಎಷ್ಟೆಷ್ಟು ಅಂಕ ಹೋಗುತ್ತಿತ್ತೋ!

ಮೊದಲ ಬಹುಮಾನ ಬಂದದ್ದು ಪದಾಧಿಕಾರಿಯೊಬ್ಬರ ಮೊಮ್ಮಗಳಿಗೆ. ಹಕಾರಗಳು ಮುತ್ತು ಪೋಣಿಸಿದಂತಿದ್ದವು. ಆದರೆ ಆ ಮಗು ‘ರೈತನು ಬೇಳೆ ಕೊಯ್ದನು’ ಎಂದಿತು. ಮರಾಠಿಯಲ್ಲಾಗಲಿ ಹಿಂದಿಯಲ್ಲಾಗಲಿ ಎಕಾರ, ಒಕಾರಗಳಿಗೆ ಹ್ರಸ್ವ-ದೀರ್ಘದ ಭೇದದಿಂದ ಅರ್ಥ ಬದಲಾಗುವುದಿಲ್ಲ. ಇಲ್ಲಿ ಹುಟ್ಟಿ ಆ ಭಾಷೆಗಳಲ್ಲೇ ಆಡಿ ಬೆಳೆದ ಮಕ್ಕಳ ಬಾಯಲ್ಲಿ ಬೆಳೆಯೂ ಬೇಳೆಯೂ ಒಂದಾದರೆ ಸೋಜಿಗವಿಲ್ಲ. ಅಜ್ಜಿಯಲ್ಲಿ ಗಟ್ಟಿಯಾಗಿರುವ ಭೇದ ಅಮ್ಮನಲ್ಲಿ ಆಗೊಮ್ಮೆ ಈಗೊಮ್ಮೆ ತಪ್ಪಿ, ಮೊಮ್ಮಗಳಲ್ಲಿ ಅಳಿಸಿಹೋಗಿದ್ದರೆ ಧ್ವನಿ ಬದಲಾವಣೆ ಕಣ್ಣೆದುರೇ ನಡೆದಿದೆಯೆಂದು ಶಂಕಿಸಬಹುದು. ಆ ಮಗು ದೊಡ್ಡದಾದ ಮೇಲೆ ತಿದ್ದಿಕೊಳ್ಳುವುದೂ ಉಂಟಾದ್ದರಿಂದ, ಅದನ್ನೇ ಇಪ್ಪತ್ತು ವರ್ಷದ ನಂತರ ಮತ್ತೆ ಕೇಳಬೇಕು. ಹೊಲದಲ್ಲಿ ತೊಗರಿಬೇಳೆಯೇ ಫಲಿಸಿದರೂ ತೀರ್ಪುಗಾರರ ಕಿವಿಗೆ ಏನೂ ಬೀಳಲಿಲ್ಲ, ಏಕೆಂದರೆ ಆ ತಪ್ಪು ಅವರ ಮನೆಯ ಮಕ್ಕಳದ್ದು.

ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ 1962ರಲ್ಲಿ ನ್ಯೂಯಾರ್ಕಿನ ಮೂರು ಮಳಿಗೆಗಳಿಗೆ ಗಿರಾಕಿಯಂತೆ ಹೋಗಿ, ‘ಫೋರ್ತ್ ಫ್ಲೋರ್’, ಅಂದರೆ ನಾಲ್ಕನೇ ಮಹಡಿ, ಎಂಬ ಇಂಗ್ಲಿಷ್ ಉತ್ತರವೇ ಬರುವ ಪ್ರಶ್ನೆ ಕೇಳಿ, ಕೇಳಿಸಲಿಲ್ಲವೆಂಬಂತೆ ಅದನ್ನು ಮತ್ತೊಮ್ಮೆ ಹೇಳಿಸಿದರು. ಅವರು ಕಿವಿಗೊಟ್ಟದ್ದು ಆ ಎರಡು ಪದಗಳ ರೇಫಕ್ಕೆ. ದುಬಾರಿ ಮಳಿಗೆಯ ನೌಕರರಲ್ಲಿ ಅದು ಹೆಚ್ಚು, ಅಗ್ಗದ ಮಳಿಗೆಯಲ್ಲಿ ಬಹಳ ಕಡಿಮೆ. ಅದೇ ರೇಫವನ್ನು ಲಂಡನ್ನಿನಲ್ಲಿ ಪ್ರತಿಷ್ಠಿತರೂ ಬಿಡುತ್ತಾರೆ. ಬೆಲೆ ಧ್ವನಿಯದ್ದಲ್ಲ, ಆಡುವವರ ಅಂತಸ್ತಿನದ್ದು. ಲಬೋವ್ ಅಂಕ ಕಳೆಯಲಿಲ್ಲ, ಮೈಕ್ ಇಡಲಿಲ್ಲ, ಯಾರನ್ನೂ ನೋಡಿ ನಗಲಿಲ್ಲ.

ಸಂಘದ ಮಹನೀಯರೇ, ಹಾಸ್ಯ ಸಾಕು. ದಿನವಿಡೀ ಒಲೆಯ ಮುಂದೆ ನಿಂತು, ಇದ್ದ ಒಂದು ರಜೆಯಲ್ಲಿ ತನ್ನ ಭಾಷೆಯ ಸಭೆಗೆ ಬಂದ ಮನುಷ್ಯನನ್ನು ಅವನ ತಾಯಿ ಕಲಿಸಿದ ಮಾತಿಗಾಗಿ ನಾಚಿಸಿ ಕಳುಹಿಸಿದ್ದೀರಿ. ಮುಂದಿನ ವರ್ಷ ಸದಸ್ಯರ ಸಂಖ್ಯೆ ಕುಸಿಯಿತೆಂದು ಪತ್ರಿಕೆಗಳಿಗೆ ಹೇಳಿಕೆ ಕೊಡುವವರೂ ನೀವೇ.